ಮೂರು ವಿಷಲ್ ಸಾಕಾ, ಎಂಟು ಗಂಟೆ ಬೇಕಾ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಕಡೆ ಬಾಡಿಗೆಗೆ ಸಿಗುವ ಮಹಡಿ ಮನೆಗಳನ್ನ ನೋಡಿದವರಿಗೆ ಅಲ್ಲಿನ ಅಡುಗೆಮನೆ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಹಳೇ ಮನೆಯ ಮೇಲೆ ಕಟ್ಟಿದ ಎರಡು ರೂಮು, ಪಕ್ಕದಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಅಡುಗೆಮನೆ. ಐದಡಿ ಕಟ್ಟೆಯಲ್ಲಿ ಅರ್ಧ ಗ್ಯಾಸ್ ಸ್ಟವ್‌ಗೆ ಹೋಗುತ್ತೆ. ಉಳಿದದ್ದರಲ್ಲಿ ಮಿಕ್ಸಿ, ನೀರಿನ ಫಿಲ್ಟರ್, ತರಕಾರಿ ಹೆಚ್ಚೋ ಜಾಗ. ದೊಡ್ಡ ಪ್ಲಗ್ ಪಾಯಿಂಟ್ ಇರೋದು ಒಂದೇ.

ಇಂಥ ಅಡುಗೆಮನೆಗೆ ಈಗ ಹೊಸ ಅತಿಥಿಯೊಬ್ಬರು ಬರೋಕೆ ಕಾಯ್ತಿದ್ದಾರೆ: ಸ್ಲೋ ಕುಕ್ಕರ್. ವಿಡಿಯೋಗಳಲ್ಲಿ ನೋಡಿದರೆ ಆಸೆಯಾಗುತ್ತೆ. ಬೆಳಗ್ಗೆ ಎಲ್ಲ ಸಾಮಾನು ಒಂದೇ ಪಾತ್ರೆಗೆ ಸುರಿದು, ಸ್ವಿಚ್ ಹಾಕಿ ಆಫೀಸಿಗೆ ಹೋಗಿ, ಸಂಜೆ ಬಂದು ಬಡಿಸಿಕೊಂಡು ತಿನ್ನೋದು. ಕೂಗೋ ಕುಕ್ಕರ್ ಇಲ್ಲ, ವಿಷಲ್ ಎಣಿಸೋ ತಾಪತ್ರಯ ಇಲ್ಲ. ನನ್ನ ಟೀಮಲ್ಲೇ ಮೂರು ಜನ ಇದನ್ನ ಕೊಳ್ಳಬೇಕಾ ಅಂತ ಕೇಳಿದ್ದಾರೆ. ಮೂರೂ ಜನ ವಾರದ ದಿನಗಳಲ್ಲಿ ಅರ್ಧ ಊಟವನ್ನ ಆ್ಯಪ್‌ನಲ್ಲೇ ತರಿಸ್ಕೊಳ್ಳೋರು. ಹಾಗಾಗಿ ಇಲ್ಲಿ ಪ್ರಶ್ನೆ ಬರೀ ಒಂದು ಸಾಮಾನಿನದ್ದಲ್ಲ, ವಾರಕ್ಕೆ ಐದು ರಾತ್ರಿ ಮನೆ ಊಟ ಆಗುತ್ತಾ ಇಲ್ವಾ ಅನ್ನೋದು.

ನಾವು ವಾರದ ದಿನ ತಿನ್ನೋದು ಅನ್ನ, ಹುಳಿ, ಸಾರು, ಒಂದು ಪಲ್ಯ. ಈ ಊಟವನ್ನ ಮುಂದಿಟ್ಟುಕೊಂಡು ಎರಡೂ ಪಾತ್ರೆಗಳನ್ನ ನೋಡೋಣ.

ಬೇಳೆಗೆ ಬೇಕಿರೋದು ಸಮಯ ಅಲ್ಲ, ಶಾಖ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಕೊಟ್ಟರೂ ಆ 97 ದಾಟಲ್ಲ. ಮಂಗಳೂರಿನ ಅಜ್ಜಿ ಮನೆಯಲ್ಲಿ ಬೇಯುವ ಬೇಳೆ ಇಲ್ಲಿ ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೆಚ್ಚೇ ಸತಾಯಿಸೋದು ಇದೇ ಕಾರಣಕ್ಕೆ.

ಪ್ರೆಶರ್ ಕುಕ್ಕರ್ ಮಾಡೋದು ಈ ಗೋಡೆಯನ್ನ ಒಡೆಯೋ ಕೆಲಸ. ಮುಚ್ಚಳದ ಮೇಲಿನ ವೆಯ್ಟ್ ಒಳಗಿನ ಹಬೆಯನ್ನ ಹೊರಗಿನ ಗಾಳಿಗಿಂತ ಸುಮಾರು ಒಂದು ಪಟ್ಟು ಹೆಚ್ಚು ಒತ್ತಡದಲ್ಲಿ ಹಿಡಿದಿಡುತ್ತೆ. ಆಗ ನಮ್ಮ ಊರಿನಲ್ಲೂ ಒಳಗಿನ ಬಿಸಿ 118-119 ಡಿಗ್ರಿಗೆ ಏರುತ್ತೆ. ಇಪ್ಪತ್ತು ಡಿಗ್ರಿ ತಾನೇ ಅನ್ನಿಸಬಹುದು. ಆದರೆ ಬೇಯೋದು ಅನ್ನೋದು ರಾಸಾಯನಿಕ ಕ್ರಿಯೆ, ಪ್ರತಿ ಹತ್ತು ಡಿಗ್ರಿಗೂ ಅದರ ವೇಗ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತೆ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ತೊಗರಿಬೇಳೆ ಕುಕ್ಕರಿನಲ್ಲಿ ಹನ್ನೆರಡು ನಿಮಿಷಕ್ಕೆ ಕರಗಿಹೋಗೋದು ಹೀಗೆ.

ಸ್ಲೋ ಕುಕ್ಕರ್ ಹೋಗೋದು ಉಲ್ಟಾ ದಾರಿಯಲ್ಲಿ. ಪಿಂಗಾಣಿ ಪಾತ್ರೆಯ ಸುತ್ತ 150-200 ವ್ಯಾಟಿನ ಸಣ್ಣ ಹೀಟರ್. ಅದು ಗಂಟೆಗಟ್ಟಲೆ ತಗೊಂಡು ಒಳಗಿನದನ್ನ 85-93 ಡಿಗ್ರಿಗೆ ತರುತ್ತೆ, ಆಮೇಲೆ ಅಲ್ಲೇ ಇಟ್ಟಿರುತ್ತೆ. ಮಾಂಸದ ಗಟ್ಟಿ ಭಾಗಗಳಿಗೆ ಇದು ತುಂಬಾ ಒಳ್ಳೇದು, ಯಾಕಂದ್ರೆ ಎಲುಬಿನ ಸುತ್ತಲಿನ ನರ, ಪೊರೆ ಎಲ್ಲ ಈ ಶಾಖದಲ್ಲಿ ನಿಧಾನವಾಗಿ ಕರಗಿ ಮೆತ್ತಗಾಗುತ್ತೆ. ತೊಗರಿಬೇಳೆಯೂ ಬೇಯುತ್ತೆ, ಆದರೆ ಏಳೆಂಟು ಗಂಟೆಯಾದರೂ ಕಾಳು ಕಾಳಾಗಿ ಉಳಿದು, ಮೇಲೆ ನೀರು ಕೆಳಗೆ ಬೇಳೆ ಆಗೋದೇ ಹೆಚ್ಚು. ಹುಳಿಗೆ ಬೇಕಾದ ಹಾಗೆ ಮಸೆದ ಬೇಳೆ ಸಿಗಬೇಕಂದ್ರೆ ಕೊನೆಗೆ ಕಡೆಗೋಲು ಹಿಡಿಯಲೇಬೇಕು.

ಬೋರ್‌ವೆಲ್ ನೀರು ಬರುವ ಮನೆಯಾದರೆ ಇನ್ನೂ ಕಷ್ಟ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನ ಅಂಟಿಸಿ ಹಿಡಿದಿರುವ ಪೆಕ್ಟಿನ್ ಜೊತೆ ಸೇರಿ ಅದನ್ನ ಗಟ್ಟಿ ಮಾಡುತ್ತೆ. ಕಾವೇರಿ ನೀರಿನಲ್ಲಿ ಬೇಯುವ ಬೇಳೆ ಟ್ಯಾಂಕರ್ ನೀರು ಹಾಕಿದ ದಿನ ಬೇಯದಿದ್ದರೆ ಅಂಗಡಿಯವರನ್ನ ಬೈಯುವ ಮೊದಲು ಫಿಲ್ಟರ್ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ.

ಹುಣಸೆಹಣ್ಣು ಯಾಕೆ ಕೊನೆಗೆ

‘ಎಲ್ಲ ಒಟ್ಟಿಗೆ ಸುರಿದು ಬಿಡಿ’ ಅನ್ನೋದು ಸ್ಲೋ ಕುಕ್ಕರಿನ ಮುಖ್ಯ ಆಕರ್ಷಣೆ. ನಮ್ಮ ಹುಳಿಗೆ ಇದು ಹೊಂದಲ್ಲ. ಹುಣಸೆರಸ, ಟೊಮ್ಯಾಟೊ ಮೊದಲೇ ಹಾಕಿದರೆ ಅದರ ಹುಳಿ ಅಂಶವೂ ಅದೇ ಪೆಕ್ಟಿನ್ ಕರಗದ ಹಾಗೆ ತಡೆಯುತ್ತೆ. ಕುಕ್ಕರಿನ 119 ಡಿಗ್ರಿಯಲ್ಲಿ ಆ ತಡೆಯನ್ನ ಒಂದಿಷ್ಟು ಮೀರಬಹುದು, 90 ಡಿಗ್ರಿಯಲ್ಲಿ ಆಗಲ್ಲ. ಎಂಟು ಗಂಟೆ ಬೆಂದ ಮೇಲೂ ಬೇಳೆ ಹಲ್ಲಿಗೆ ಸಿಗುತ್ತೆ.

ಅಮ್ಮಂದಿರು ಇದನ್ನ ರಸಾಯನಶಾಸ್ತ್ರ ಓದದೇ ಹೇಳ್ತಾರೆ: ‘ಬೇಳೆ ಬೆಂದ್ಮೇಲೇ ಹುಣಸೆಹಣ್ಣು ಹಾಕೋದು ಕಣೋ.’ ನವಿಲುಕೋಸು, ಸೀಮೆಬದನೆಕಾಯಿಗೂ ಇದೇ ಮಾತು. ಮೊದಲು ತರಕಾರಿ ಬರೀ ನೀರಿನಲ್ಲಿ ಬೇಯಲಿ, ಆಮೇಲೆ ಹುಳಿ. ಇನ್ನು ಹುಳಿಪುಡಿ, ಇಂಗು, ಕರಿಬೇವಿನ ಪರಿಮಳ ಎಂಟು ಗಂಟೆ ಬಿಸಿಯಲ್ಲಿ ಉಳಿಯಲ್ಲ, ಅದನ್ನೂ ಕೊನೆಗೇ ಹಾಕಬೇಕು. ಅಂದರೆ ಸ್ಲೋ ಕುಕ್ಕರ್ ಇದ್ದರೂ ಸಂಜೆ ಬಂದು ಬೇಳೆ ಮಸೆದು, ಹುಣಸೆರಸ ಹಾಕಿ ಕುದಿಸಿ, ಒಗ್ಗರಣೆ ಕೊಡಬೇಕು. ಅನ್ನವನ್ನಂತೂ ಬೇರೆಯೇ ಮಾಡಬೇಕು. ಉಳಿದದ್ದು ಏನು ಅಂತ ಲೆಕ್ಕ ಹಾಕಿದರೆ, ಹನ್ನೆರಡು ನಿಮಿಷದ ಬೇಳೆ ಬೇಯಿಸೋ ಕೆಲಸ ಮಾತ್ರ.

ಎಂಟು ಗಂಟೆ ಅಂದರೆ ಯಾರ ಎಂಟು ಗಂಟೆ?

ಬಿಟ್ಟು ಹೋಗಿ ಬರೋಷ್ಟರಲ್ಲಿ ಊಟ ಸಿದ್ಧವಾಗಿರೋ ಯೋಚನೆ ನಮಗೆ ಹೊಸದೇನಲ್ಲ. 1910ರ ಸುಮಾರಿಗೆ ಕೋಲ್ಕತ್ತದ ಇಂದುಮಾಧವ ಮಲ್ಲಿಕ್ ಅನ್ನೋರು ಇಕ್ಮಿಕ್ ಕುಕ್ಕರ್ ಅಂತ ಒಂದನ್ನ ಮಾಡಿದ್ದರು. ಒಂದರ ಮೇಲೊಂದು ಡಬ್ಬಿ, ಅದನ್ನ ಒಳಗೊಂಡ ದೊಡ್ಡ ಪಾತ್ರೆ, ಅಡಿಯಲ್ಲಿ ಇದ್ದಿಲ ಕೆಂಡ. ಹಬೆಯಲ್ಲಿ ಅನ್ನ, ಬೇಳೆ, ಮಾಂಸ ಎಲ್ಲ ಗಂಟೆಗಟ್ಟಲೆ ನಿಧಾನವಾಗಿ ಬೇಯುತ್ತಿತ್ತು. ಆದರೆ ಅಲ್ಲಿ ಕೆಂಡ ತಾನಾಗೇ ಆರಿಹೋಗುತ್ತಿತ್ತು. ಈಗಿನ ಸ್ಲೋ ಕುಕ್ಕರಿನ ತೊಂದರೆ ಶುರುವಾಗೋದೇ ಅಲ್ಲಿ.

ಅದರ ಪಾಕವಿಧಾನಗಳಲ್ಲಿ ‘ಲೋ’ ಅಂದರೆ ಏಳೆಂಟು ಗಂಟೆ. ಮಲ್ಲೇಶ್ವರದಿಂದ ವೈಟ್‌ಫೀಲ್ಡಿಗೋ ಔಟರ್ ರಿಂಗ್ ರೋಡಿಗೋ ಹೋಗಿ ಬರುವವರು ಮನೆ ಬಿಟ್ಟು ಇರೋದು ಹನ್ನೊಂದು ಹನ್ನೆರಡು ಗಂಟೆ. ಹೆಚ್ಚಿನ ನಾಲ್ಕು ಗಂಟೆ ಅಡುಗೆ ‘ವಾರ್ಮ್‌’ನಲ್ಲಿ ಕೂತು ತರಕಾರಿ ಎಲ್ಲ ಪೇಸ್ಟ್ ಆಗುತ್ತೆ. ಹಾಗಾದ್ರೆ ಟೈಮರ್ ಇಟ್ಟು ಮಧ್ಯಾಹ್ನ ಶುರು ಮಾಡಿದರೆ? ನೆನೆದ ಕಾಳು, ಹೆಚ್ಚಿದ ತರಕಾರಿ, ಮಾಂಸ ನಾಲ್ಕು ಗಂಟೆ ರೂಮಿನ ಬಿಸಿಯಲ್ಲಿ ಕೂರುತ್ತೆ. ಐದರಿಂದ ಅರವತ್ತು ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ, ಏಪ್ರಿಲ್ ತಿಂಗಳ ಬೆಂಗಳೂರಿನ ಅಡುಗೆಮನೆ ಸರಿಯಾಗಿ ಆ ನಡುವಲ್ಲೇ ಇರುತ್ತೆ. ಮಾಂಸಕ್ಕಂತೂ ಟೈಮರ್ ಬೇಡವೇ ಬೇಡ.

ಇನ್ನೊಂದು ಕರೆಂಟ್. ನೀವು ಆಫೀಸಲ್ಲಿದ್ದಾಗ ಎರಡು ಗಂಟೆ ಕರೆಂಟ್ ಹೋಗಿ ಬಂದರೆ ಅದು ನಿಮಗೆ ಗೊತ್ತಾಗಲ್ಲ. ತಿರುಗಿಸೋ ಗುಂಡಿ ಇರುವ ಸ್ಲೋ ಕುಕ್ಕರ್ ಕರೆಂಟ್ ಬಂದ ಕೂಡಲೇ ಮತ್ತೆ ಶುರುವಾಗುತ್ತೆ, ಏನೂ ಆಗದ ಹಾಗೆ. ಡಿಜಿಟಲ್ ಬಟನ್‌ನ ಬಹಳಷ್ಟು ಮಾಡೆಲ್‌ಗಳು ಆಫ್ ಆಗೇ ಉಳೀತಾವೆ. ಮೊದಲನೆಯದರಲ್ಲಿ ಅಡುಗೆ ತಣ್ಣಗಾಗಿ ಮತ್ತೆ ಬಿಸಿಯಾಗಿದೆಯಾ ಅಂತ ಗೊತ್ತಾಗಲ್ಲ, ಎರಡನೆಯದರಲ್ಲಿ ಊಟವೇ ಇರಲ್ಲ. ಮನೆಯ ಯುಪಿಎಸ್ ಸಾಮಾನ್ಯವಾಗಿ ಲೈಟು, ಫ್ಯಾನಿಗಷ್ಟೇ ಕೊಟ್ಟಿರ್ತಾರೆ, ಅಡುಗೆಮನೆಯ ದೊಡ್ಡ ಪ್ಲಗ್‌ಗೆ ಅಲ್ಲ.

ಇದಕ್ಕೆ ಒಂದು ಸುಲಭ ಪತ್ತೇದಾರಿ ಉಪಾಯ ಇದೆ. ಪ್ಲಗ್‌ಗೆ ಸಿಕ್ಕಿಸೋ ಹಳೇ ಥರದ ತಿರುಗೋ ಟೈಮರ್ ಸಿಗುತ್ತಲ್ಲ, ಅದನ್ನ ಅದೇ ಬೋರ್ಡಿನ ಇನ್ನೊಂದು ಪಾಯಿಂಟಿಗೆ ಹಾಕಿ ಸರಿಯಾದ ಸಮಯಕ್ಕೆ ತಿರುಗಿಸಿ ಹೋಗಿ. ಕರೆಂಟ್ ಹೋದಾಗ ಅದೂ ನಿಲ್ಲುತ್ತೆ. ಸಂಜೆ ಬಂದು ನೋಡಿದಾಗ ಅದು ಎರಡು ಗಂಟೆ ಹಿಂದಿದ್ದರೆ ಕರೆಂಟ್ ಎರಡು ಗಂಟೆ ಹೋಗಿತ್ತು ಅಂತ ಅರ್ಥ. ಒಳಗಿರೋದು ಮಾಂಸವಾದರೆ ರುಚಿ ನೋಡೋಕೂ ಹೋಗದೆ ಚೆಲ್ಲಿಬಿಡಿ.

ರಾಜ್ಮಾ: ಇಲ್ಲಿ ಮಾತ್ರ ಹುಡುಗಾಟ ಬೇಡ

ಇದು ರುಚಿಯ ಮಾತಲ್ಲ, ಆರೋಗ್ಯದ್ದು. ಕೆಂಪು ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಜಾತಿಯ ಒಂದು ಪ್ರೋಟೀನ್ ಇದೆ. ಅರೆಬೆಂದ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಒಂದರಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಇದು ನಾಶವಾಗುತ್ತೆ. ಆದರೆ 80 ಡಿಗ್ರಿಯ ಹತ್ತಿರ ಬೇಯಿಸಿದರೆ ನಾಶವಾಗೋದಿರಲಿ, ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚು ವಿಷಕಾರಿ ಆಗಬಹುದು ಅಂತ ಅಮೆರಿಕದ ಎಫ್‌ಡಿಎ ಎಚ್ಚರಿಸಿದೆ. ಸ್ಲೋ ಕುಕ್ಕರ್ ಗಂಟೆಗಟ್ಟಲೆ ಹಾದುಹೋಗುವ ಶಾಖ ಅದೇ. ಮೋಸ ಏನಂದ್ರೆ ಕಾಳು ಮೆತ್ತಗೇ ಆಗಿರುತ್ತೆ, ಬೆರಳಲ್ಲಿ ಹಿಸುಕಿದರೆ ಗೊತ್ತಾಗಲ್ಲ.

ಹಾಗಾಗಿ ಸ್ಲೋ ಕುಕ್ಕರಿನಲ್ಲೇ ರಾಜ್ಮಾ ಮಾಡ್ತೀನಿ ಅಂದರೆ, ಕಾಳನ್ನ ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೂವತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಹಾಕಬೇಕು. ಅಷ್ಟೆಲ್ಲ ಸ್ಟವ್ ಮುಂದೆ ನಿಂತ ಮೇಲೆ ಸ್ಲೋ ಕುಕ್ಕರ್ ಯಾಕೆ ಅಂತ ನೀವೇ ಕೇಳ್ತೀರ. ನೆನೆಸಿದ ರಾಜ್ಮಾ ಪ್ರೆಶರ್ ಕುಕ್ಕರಿನಲ್ಲಿ ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಬೇಯುತ್ತೆ, ವಿಷದ ಭಯವೂ ಇರಲ್ಲ.

ಒಂದು ಮಂಗಳವಾರ, ಇಬ್ಬರ ಊಟ

ರಾತ್ರಿ ಎಂಟಕ್ಕೆ ಮನೆ ಸೇರುವ ಇಬ್ಬರಿಗೆ ಅನ್ನ, ಬೀನ್ಸ್-ನವಿಲುಕೋಸಿನ ಹುಳಿ ಹೇಗಾಗುತ್ತೆ ಅಂತ ನೋಡೋಣ. ಐದು ಲೀಟರ್ ಕುಕ್ಕರ್, ಒಳಗೆ ಎರಡು ಡಬ್ಬಿ ಕೂರುವಂಥದ್ದು.

ಎಂಟು ಗಂಟೆ: ಅರ್ಧ ಲೋಟ ತೊಗರಿಬೇಳೆ, ಅಂದರೆ ಸುಮಾರು 100 ಗ್ರಾಂ, ತೊಳೆದು ಕೆಳಗಿನ ಡಬ್ಬಿಗೆ ಹಾಕಿ 300 ಮಿಲಿ ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ. ಎಣ್ಣೆ ಹಾಕೋದು ನೊರೆ ಕಮ್ಮಿಯಾಗಲಿ ಅಂತ. ಮೇಲಿನ ಡಬ್ಬಿಗೆ 150 ಗ್ರಾಂ ಸೋನಾ ಮಸೂರಿ, ಅದರ ಎರಡರಷ್ಟು ನೀರು. ಯಾವ ಡಬ್ಬಿಯೂ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕುಕ್ಕರಿನ ತಳಕ್ಕೆ 400 ಮಿಲಿ ನೀರು. ಮುಚ್ಚಳ ಹಾಕಿ ಜೋರು ಉರಿ. ಮುಚ್ಚಳದ ನಳಿಕೆಯಿಂದ ಹಬೆ ಸಮವಾಗಿ ಬರೋಕೆ ಶುರುವಾದ ಮೇಲೆ ವೆಯ್ಟ್ ಇಡಿ.

ಎಂಟು ಹತ್ತರ ಸುಮಾರಿಗೆ ಮೊದಲ ವಿಷಲ್. ಉರಿ ಸಣ್ಣಗೆ ಮಾಡಿ, ಗಡಿಯಾರ ನೋಡಿ ಹನ್ನೆರಡು ನಿಮಿಷ. ಇಲ್ಲಿ ಒಂದು ಮಾತು. ಮೂರು ವಿಷಲ್, ಐದು ವಿಷಲ್ ಅನ್ನೋದು ಅಳತೆಯೇ ಅಲ್ಲ. ಜೋರು ಉರಿಯಲ್ಲಿ ಮೂರು ವಿಷಲ್ ನಾಲ್ಕು ನಿಮಿಷಕ್ಕೆ ಮುಗಿಯಬಹುದು, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಒಳಗಿನ ಒತ್ತಡ ಒಮ್ಮೆ ತುಂಬಿದ ಮೇಲೆ ಬಿಸಿ ಅಲ್ಲೇ ನಿಲ್ಲುತ್ತೆ. ಹೆಚ್ಚಿನ ಉರಿ ವಿಷಲ್ ಆಗಿ ಕಿಟಕಿಯಿಂದ ಹೊರಗೆ ಹೋಗುತ್ತೆ ಅಷ್ಟೆ. ಜೊತೆಗೆ ತಳದ ನೀರೂ.

ಅಷ್ಟರಲ್ಲಿ ಇನ್ನೊಂದು ಒಲೆಯಲ್ಲಿ ಬೀನ್ಸ್, ನವಿಲುಕೋಸು ಬರೀ ನೀರಿನಲ್ಲಿ ಬೇಯ್ತಾ ಇರಲಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಬಿಸಿನೀರಿನಲ್ಲಿ ನೆನೀಲಿ.

ಎಂಟು ಇಪ್ಪತ್ತೆರಡು: ಗ್ಯಾಸ್ ಆಫ್. ಹತ್ತು ನಿಮಿಷ ಮುಟ್ಟಬೇಡಿ. ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿದರೆ ಡಬ್ಬಿಯ ಬೇಳೆ ಉಕ್ಕಿ ಅನ್ನಕ್ಕೆ ಸೇರುತ್ತೆ. ಆ ಹತ್ತು ನಿಮಿಷದಲ್ಲಿ ತರಕಾರಿಗೆ ಹುಣಸೆರಸ, ಉಪ್ಪು, ಎರಡು ಚಮಚ ಹುಳಿಪುಡಿ ಹಾಕಿ ಕುದಿಸಿ.

ಎಂಟು ಮೂವತ್ತೈದು: ಬೇಳೆ ಮಸೆದು ಸೇರಿಸಿ ಎರಡು ಕುದಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಎಂಟು ಮುಕ್ಕಾಲಿಗೆ ತಟ್ಟೆ ಹಾಕಬಹುದು. ಆ್ಯಪ್‌ನಲ್ಲಿ ಆರ್ಡರ್ ಮಾಡಿದ್ದರೂ ಟ್ರಾಫಿಕ್ ನೋಡಿಕೊಂಡು ಅದೇ ಹೊತ್ತಿಗೆ ಬರುತ್ತಿತ್ತು.

ಖರ್ಚಿನ ಲೆಕ್ಕವೂ ನೋಡಿ. ಹತ್ತು ನಿಮಿಷ ಜೋರು ಉರಿ, ಹನ್ನೆರಡು ನಿಮಿಷ ಸಣ್ಣ ಉರಿ ಅಂದರೆ ಅಂದಾಜು 35 ಗ್ರಾಂ ಗ್ಯಾಸ್. 14.2 ಕೆಜಿ ಸಿಲಿಂಡರಿನಲ್ಲಿ ಇಂಥ ನಾನೂರು ಸಲ ಮಾಡಬಹುದು. ಸ್ಲೋ ಕುಕ್ಕರ್ 150 ವ್ಯಾಟಿನಲ್ಲಿ ಎಂಟು ಗಂಟೆ ಓಡಿದರೆ 1.2 ಯೂನಿಟ್. ಶಕ್ತಿಯ ಲೆಕ್ಕದಲ್ಲಿ ಅದು ಆ ಗ್ಯಾಸಿನ ಎರಡೂವರೆ ಪಟ್ಟಿಗಿಂತ ಹೆಚ್ಚು, ಅದೂ ಅನ್ನ ಬಿಟ್ಟು. ವಾರಕ್ಕೆ ಐದು ದಿನ ಅಂದರೆ ತಿಂಗಳಿಗೆ ಇಪ್ಪತ್ತೈದು ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ ಗರಿಷ್ಠ 200 ಯೂನಿಟ್ ಅಂತಿದ್ದರೂ ನಿಮಗೆ ಸಿಗುವ ಉಚಿತ ಯೂನಿಟ್ ನಿಂತಿರೋದು ಹಿಂದಿನ ಸರಾಸರಿ ಬಳಕೆಯ ಮೇಲೆ. ನಿಮ್ಮ ಮಿತಿ ಕಮ್ಮಿಯಿದ್ದರೆ ಈ ಇಪ್ಪತ್ತೈದು ಯೂನಿಟ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತೆ.

ಕುಕ್ಕರಿನ ಮೂಕ ಭಾಷೆ

ಪ್ರೆಶರ್ ಕುಕ್ಕರಿಗೆ ಹೆದರಿ ಸ್ಲೋ ಕುಕ್ಕರ್ ಕಡೆ ಹೋಗೋರೂ ಇದ್ದಾರೆ. ಕುಕ್ಕರ್ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತೆ, ನಾವು ಕೇಳಿಸಿಕೊಳ್ಳಬೇಕು ಅಷ್ಟೆ.

ಮುಚ್ಚಳದ ಅಂಚಿನಿಂದ ಹಬೆ ಬರ್ತಾ ಇದ್ದು ವಿಷಲ್ ಆಗದಿದ್ದರೆ ಗ್ಯಾಸ್ಕೆಟ್ ಸಡಿಲಾಗಿದೆ. ಹೊಸದು ತರೋವರೆಗೆ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕಿದರೆ ಒಂದೆರಡು ದಿನ ನಡೆಯುತ್ತೆ. ಅಂಚಿನಿಂದಲೂ ಹಬೆ ಇಲ್ಲ, ವಿಷಲೂ ಇಲ್ಲ, ಹದಿನೈದು ನಿಮಿಷ ಆಯ್ತು ಅಂದರೆ ಕೂಡಲೇ ಗ್ಯಾಸ್ ಆಫ್ ಮಾಡಿ. ಒಂದೋ ತಳದಲ್ಲಿ ನೀರಿಲ್ಲ, ಇಲ್ಲಾ ನಳಿಕೆ ಬೇಳೆಯ ನೊರೆಯಿಂದ ಕಟ್ಟಿಕೊಂಡಿದೆ. ಎರಡನೆಯದು ನಿಜಕ್ಕೂ ಅಪಾಯ. ಪ್ರತಿ ಸಲ ಮುಚ್ಚಳ ಹಾಕುವ ಮೊದಲು ನಳಿಕೆಯನ್ನ ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತಾ ಅಂತ ನೋಡೋದು ಎರಡು ಸೆಕೆಂಡಿನ ಕೆಲಸ. ಸೇಫ್ಟಿ ವಾಲ್ವ್ ಹಾರಿಹೋದರೆ ಅದೇ ಕಂಪನಿಯದ್ದನ್ನೇ ಹಾಕಿಸಿ. ವೆಯ್ಟ್ ಎತ್ತಿದಾಗ ಸುಸ್ ಅನ್ನೋದು ನಿಲ್ಲೋವರೆಗೆ ಮುಚ್ಚಳದ ಜೊತೆ ಕುಸ್ತಿ ಬೇಡ.

ಕೊಳ್ಳುವಾಗ ಐಎಸ್‌ಐ ಗುರುತು, ಅದರ ಜೊತೆ ಐಎಸ್ 2347 ಅನ್ನೋ ಸಂಖ್ಯೆ ಇದೆಯಾ ನೋಡಿ. 2021ರ ಫೆಬ್ರವರಿಯಿಂದ ಮನೆ ಬಳಕೆಯ ಪ್ರೆಶರ್ ಕುಕ್ಕರಿಗೆ ಇದು ಕಡ್ಡಾಯ. ಇನ್ನೊಂದು ಅನುಕೂಲ: ಗ್ಯಾಸ್ಕೆಟ್, ವೆಯ್ಟ್, ಹಿಡಿ ಎಲ್ಲ ಗಾಂಧಿಬಜಾರಿನ ಪಾತ್ರೆ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತೆ. ಸ್ಲೋ ಕುಕ್ಕರಿನ ಪಿಂಗಾಣಿ ಪಾತ್ರೆ ಕೈಜಾರಿ ಒಡೆದರೆ ಅಷ್ಟು ಸುಲಭವಾಗಿ ಸಿಗಲ್ಲ.

ಹಾಗಾದ್ರೆ ಸ್ಲೋ ಕುಕ್ಕರ್ ಯಾರಿಗೆ?

ಮನೆಯಿಂದಲೇ ಕೆಲಸ ಮಾಡೋರಿಗೆ, ಮಟನ್, ಕಾಲು ಸೂಪ್ ವಾರಕ್ಕೆರಡು ಸಲ ಮಾಡೋರಿಗೆ ಇದು ಒಳ್ಳೆಯ ಸಾಮಾನು. ನೀವು ಮನೆಯಲ್ಲೇ ಇದ್ದರೆ ಕರೆಂಟ್ ಹೋದದ್ದು ಗೊತ್ತಾಗುತ್ತೆ, ಎಂಟನೇ ಗಂಟೆಗೆ ಆಫ್ ಮಾಡಬಹುದು. ಫ್ರಿಜ್ಜಿನ ಮಾಂಸ ಹಾಕಬಹುದು, ಫ್ರೀಜರಿನ ಗಡ್ಡೆ ಬೇಡ, ಅದು ಬಿಸಿಯಾಗೋದೇ ತಡ. ಮುಚ್ಚಳ ತೆಗೆದು ಇಣುಕಿದ ಪ್ರತಿ ಸಲವೂ ಕಳೆದ ಬಿಸಿ ಮತ್ತೆ ಸೇರೋಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತೆ.

ಈಗಾಗಲೇ ಒಂದು ಮನೆಯಲ್ಲಿದ್ದರೆ ಹೀಗೆ ಪರೀಕ್ಷೆ ಮಾಡಿ. ಅರ್ಧ ನೀರು ತುಂಬಿ, ‘ಲೋ’ನಲ್ಲಿ ಎಂಟು ಗಂಟೆ ಇಟ್ಟು, ಮುಚ್ಚಳ ತೆಗೆದ ಕೂಡಲೇ ಅಡುಗೆ ಥರ್ಮಾಮೀಟರ್ ಅದ್ದಿ. 85ರಿಂದ 93 ಡಿಗ್ರಿ ಇದ್ದರೆ ಸರಿ. ಅದಕ್ಕಿಂತ ಕಮ್ಮಿ ಇದ್ದರೆ ಅದರಲ್ಲಿ ಮಾಂಸ, ಕಾಳು ಬೇಯಿಸಬೇಡಿ.

ಉಳಿದವರಿಗೆ, ಅಂದರೆ ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬಂದು ಹುಳಿ-ಅನ್ನ ತಿನ್ನೋರಿಗೆ, ಕಟ್ಟೆಯ ಮೇಲಿನ ಆ ಒಂದಡಿ ಜಾಗ ಖಾಲಿಯೇ ಇರಲಿ. ತರಕಾರಿ ಹೆಚ್ಚೋಕೆ ಬೇಕಾಗುತ್ತೆ. ಸ್ಲೋ ಕುಕ್ಕರಿಗೆ ಅಂತ ತೆಗೆದಿಟ್ಟ ದುಡ್ಡಲ್ಲಿ ಎರಡು ಡಬ್ಬಿ ಹಿಡಿಯೋ ಐದು ಲೀಟರ್ ಕುಕ್ಕರ್, ಜೊತೆಗೊಂದು ಬಿಡಿ ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ. ನಾಳೆ ರಾತ್ರಿ ಮೊದಲ ವಿಷಲ್ ಆದಾಗ ಎರಡನೆಯದಕ್ಕೆ ಕಾಯಬೇಡಿ. ಉರಿ ಸಣ್ಣಗೆ ಮಾಡಿ, ಫೋನಿನಲ್ಲಿ ಹನ್ನೆರಡು ನಿಮಿಷದ ಟೈಮರ್ ಇಡಿ.